ಆ್ಯಪ್ ಐಕಾನ್: ಫ್ಲ್ಯಾಟ್ ಮತ್ತು ಗ್ರೇಡಿಯೆಂಟ್ ರೂಪಗಳನ್ನು ಡಿಸೈನರ್ ಹತ್ತಿರ ಕೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಲ್ಲಿ ಎರಡು ಮೂರು ಜನ ಸೇರಿಕೊಂಡು ಆ್ಯಪ್ ಮಾಡುವಾಗ ಕೋಡನ್ನು ತಾವೇ ಬರೆಯುತ್ತಾರೆ, ಐಕಾನನ್ನು ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ಇರುವ ಡಿಸೈನರ್ ಕೈಲಿ ಮಾಡಿಸುತ್ತಾರೆ. ಆ ಹಂತದಲ್ಲಿ ಮಾತಿಗೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ಅಡಿಕೆ ಮರಕ್ಕೆ ಮದ್ದು ಬಿಡುವವರನ್ನು, ಕೊನೆ ತೆಗೆಯುವವರನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಆ್ಯಪ್. ಅದರ ಗುರುತು, ತೊಟ್ಟಿನ ಟೊಪ್ಪಿ ಇರುವ ಒಂದು ಬಿಳಿ ಅಡಿಕೆ. ಹಿನ್ನೆಲೆ ಹಸಿರು.

## ಶುರುವಿಗೆ

ಫ್ಲ್ಯಾಟ್ ಅಂದ್ರೆ ಯಾವುದು, ಗ್ರೇಡಿಯೆಂಟ್ ಅಂದ್ರೆ ಯಾವುದು? ಎರಡೂ ಯಾಕೆ ಬೇಕು?

ಹಿನ್ನೆಲೆಗೂ ಗುರುತಿಗೂ ಒಂದೊಂದೇ ಬಣ್ಣ, ನೆರಳು ಹೊಳಪು ಯಾವುದೂ ಇಲ್ಲ ಅಂದರೆ ಅದು ಫ್ಲ್ಯಾಟ್. ಒಂದು ಬಣ್ಣ ನಿಧಾನವಾಗಿ ಇನ್ನೊಂದಕ್ಕೆ ತಿರುಗುತ್ತಾ ಹೋದರೆ ಗ್ರೇಡಿಯೆಂಟ್.

ಪ್ಲೇ ಸ್ಟೋರ್ ಪುಟದಲ್ಲಿ ಮತ್ತು ಮೊಬೈಲಿನ ಹೋಮ್ ಸ್ಕ್ರೀನಿನಲ್ಲಿ ಗ್ರೇಡಿಯೆಂಟ್ ಚೆನ್ನಾಗಿಯೇ ಕಾಣುತ್ತದೆ. ಆದರೆ ಐಕಾನ್ ಅಷ್ಟಕ್ಕೇ ನಿಲ್ಲುವುದಿಲ್ಲ. ಆಂಡ್ರಾಯ್ಡ್ 12ರಿಂದ ಆ್ಯಪ್ ತೆರೆಯುವಾಗ ಬರುವ ಸ್ಪ್ಲಾಶ್ ಪರದೆಯ ಹಿನ್ನೆಲೆಗೆ ಒಂದೇ ಬಣ್ಣ ಕೊಡಲು ಸಾಧ್ಯ. ನೋಟಿಫಿಕೇಶನ್ ಗುರುತಿಗೆ ಬಣ್ಣವೇ ಇರುವುದಿಲ್ಲ. ಬಿಲ್ಲಿಗೆ ಒತ್ತುವ ರಬ್ಬರ್ ಸ್ಟ್ಯಾಂಪು, ಅಂಗಿಯ ಜೇಬಿನ ಕಸೂತಿ ಇಲ್ಲೆಲ್ಲ ಗ್ರೇಡಿಯೆಂಟ್ ಕೂರುವುದಿಲ್ಲ. ಸ್ಟೋರಿನಲ್ಲಿ ಗ್ರೇಡಿಯೆಂಟ್ ಇಡುವವರಿಗೂ ಫ್ಲ್ಯಾಟ್ ರೂಪ ಬೇಕೇ ಬೇಕು. ಫ್ಲ್ಯಾಟ್ ಮಾತ್ರ ಬೇಕೆನ್ನುವವರು ಗ್ರೇಡಿಯೆಂಟ್ ಇಲ್ಲದೆ ಧಾರಾಳ ನಡೆಸಬಹುದು.

ಗ್ರೇಡಿಯೆಂಟ್ ಒಂದೇ ಮಾಡಿಸಿ, ಆಮೇಲೆ ಬಣ್ಣ ತೆಗೆದ್ರೆ ಫ್ಲ್ಯಾಟ್ ಆಗ್ತದಲ್ವಾ?

ಆಗುವುದಿಲ್ಲ. ಗ್ರೇಡಿಯೆಂಟಿನಿಂದ ಶುರುಮಾಡಿದ ಡಿಸೈನರ್ ಅಡಿಕೆಗೂ ಅದರ ಟೊಪ್ಪಿಗೂ ಇರುವ ಭೇದವನ್ನು ನೆರಳಿನಲ್ಲೇ ತೋರಿಸಿರುತ್ತಾರೆ. ನೆರಳು ತೆಗೆದ ಕೂಡಲೇ ಎರಡೂ ಒಂದಾಗಿ ಒಂದು ಮೊಟ್ಟೆ ಉಳಿಯುತ್ತದೆ. ಅದಕ್ಕೇ ಮೊದಲು ಫ್ಲ್ಯಾಟ್ ಕೇಳಿ. ಅದರಲ್ಲಿ ಟೊಪ್ಪಿಗೂ ಕಾಯಿಗೂ ನಡುವೆ ಹಿನ್ನೆಲೆ ಬಣ್ಣ ಕಾಣುವಷ್ಟು ಸಂದು ಬಿಡಬೇಕಾಗುತ್ತದೆ. ಆಂಡ್ರಾಯ್ಡ್ ಐಕಾನಿನ 108ರ ಅಳತೆಯಲ್ಲಿ ಆ ಸಂದು 3ಕ್ಕಿಂತ ಕಮ್ಮಿ ಬೇಡ. ಆ 108ರಲ್ಲಿ ಮೊಬೈಲಿನಲ್ಲಿ ಕಾಣುವುದು ನಡುವಿನ 72 ಮಾತ್ರ. ಆ 72 ಪರದೆಯ ಮೇಲೆ 48 ಡಿಪಿ ಗಾತ್ರದಲ್ಲಿ ಮೂಡಿದಾಗ ಈ 3 ಎನ್ನುವುದು 2 ಡಿಪಿ ಆಗುತ್ತದೆ. ಇನ್ನೂ ಸಣ್ಣ ಮಾಡಿದರೆ ಕಣ್ಣಿಗೆ ಸಂದು ಸಿಗುವುದಿಲ್ಲ.

ಫ್ಲ್ಯಾಟ್ ಒಪ್ಪಿಗೆಯಾದ ಮೇಲೆ ಗುರುತನ್ನು ಮುಟ್ಟದೆ ಹಿನ್ನೆಲೆಗೆ ಮಾತ್ರ ಗ್ರೇಡಿಯೆಂಟ್ ಹಾಕಿಸಿ. ಆಗ ಎರಡೂ ರೂಪಗಳು ಒಂದೇ ಚಿತ್ರ, ಹಿನ್ನೆಲೆ ಮಾತ್ರ ಬೇರೆ. ಮುಂದೆ ತಿದ್ದುಪಡಿ ಬಂದರೂ ಒಂದೇ ಕಡೆ ತಿದ್ದಿದರೆ ಸಾಕು.

ಐಕಾನಲ್ಲಿ 'ಅ' ಅಂತ ಬರೆಸಿದ್ರೆ ಆಗ್ಲಿಕ್ಕಿಲ್ವಾ?

ನಿಮ್ಮ ಗಿರಾಕಿಗಳೆಲ್ಲ ಕನ್ನಡ ಓದುವವರೇ ಆದರೆ ಆಗಬಹುದು. ಕಾಸರಗೋಡಿನಲ್ಲಿ ಒಂದೇ ತೋಟದಲ್ಲಿ ಕನ್ನಡ ಓದುವ ಯಜಮಾನರು, ಮಲಯಾಳ ಮಾತ್ರ ಓದುವ ಕೆಲಸದವರು ಇರುತ್ತಾರೆ. ಎರಡೂ ಕಡೆಯವರಿಗೆ ಅಡಿಕೆಯ ಚಿತ್ರ ಗೊತ್ತಾಗುತ್ತದೆ. ಆ್ಯಪಿನ ಹೆಸರು ಐಕಾನಿನ ಕೆಳಗೆ ಹೇಗೂ ಬರುತ್ತದೆ.

ಡಿಸೈನರಿಗೆ ಏನಂತ ಬರೀಬೇಕು? ಒಂದು ಮಾದರಿ ಕೊಡಿ.

'ಚಂದ ಇರ್ಲಿ, ಮಾಡರ್ನ್ ಇರ್ಲಿ' ಎಂದು ಬರೆದರೆ ಡಿಸೈನರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಯಾವ ರೂಪ ಎಲ್ಲಿ ಹೋಗುತ್ತದೆ, ಯಾವುದು ಬದಲಾಗಬಾರದು, ಕೊನೆಗೆ ಯಾವ ಫೈಲ್ ಕೈಗೆ ಬರಬೇಕು ಎನ್ನುವುದನ್ನು ಹೇಳಿ. ನಮ್ಮ ಉದಾಹರಣೆಗೆ ಹೀಗೆ ಬರೆಯಬಹುದು:

> ನಮಸ್ಕಾರ ಸರ್,
>
> ಅಡಿಕೆ ತೋಟದ ಕೆಲಸಕ್ಕೆ ಜನ ಗೊತ್ತುಮಾಡುವ ಆ್ಯಪಿಗೆ ಐಕಾನ್ ಬೇಕಿತ್ತು. ನೋಡುವವರು ಹೆಚ್ಚಾಗಿ ತೋಟದಲ್ಲಿ, ಬಿಸಿಲಲ್ಲಿ, ಸಾಧಾರಣ ಆಂಡ್ರಾಯ್ಡ್ ಮೊಬೈಲಿನಲ್ಲಿ ನೋಡುತ್ತಾರೆ.
>
> ಮೊದಲು ಫ್ಲ್ಯಾಟ್ ರೂಪ: ಹಿನ್ನೆಲೆ #2E7D32, ಮೇಲೆ ಟೊಪ್ಪಿ ಸಮೇತ ಒಂದು ಅಡಿಕೆ, ಪೂರ್ತಿ ಬಿಳಿ. ಇದು ಒಪ್ಪಿಗೆಯಾದ ನಂತರ ಗ್ರೇಡಿಯೆಂಟ್ ರೂಪ: ಗುರುತು ಅದೇ, ಜಾಗವೂ ಅದೇ, ಹಿನ್ನೆಲೆ ಮೇಲೆ #43A047, ಕೆಳಗೆ #1B5E20, ನೇರ ಲಂಬವಾಗಿ. ಗುರುತಿಗೆ ನೆರಳು, ಮಸುಕು, ಹೊಳಪು ಬೇಡ.
>
> ಕೊನೆಗೆ ಬೇಕಾದದ್ದು: ಹಿನ್ನೆಲೆಯೂ ಗುರುತೂ ಬೇರೆ ಬೇರೆ ಪದರವಾಗಿರುವ ಮೂಲ ಫೈಲ್, ಎರಡೂ ರೂಪದ ಎಸ್‌ವಿಜಿ, 512 ಮತ್ತು 1024 ಪಿಕ್ಸೆಲಿನ ಪಿಎನ್‌ಜಿ, ಗುರುತು ಮಾತ್ರ ಇರುವ ಒಂಟಿ ಬಣ್ಣದ ಎಸ್‌ವಿಜಿ.
>
> ಫ್ಲ್ಯಾಟಿಗೆ ಎರಡು ತಿದ್ದುಪಡಿ, ಗ್ರೇಡಿಯೆಂಟಿಗೆ ಒಂದು ಎಂದು ಲೆಕ್ಕ ಹಾಕಿ, ಎರಡಕ್ಕೂ ಬೇರೆ ಬೇರೆ ದರ ತಿಳಿಸಿ.

ದರವನ್ನು ಬೇರೆ ಬೇರೆಯಾಗಿ ಕೇಳುವುದಕ್ಕೆ ಕಾರಣವಿದೆ. ಗುರುತು ಬಿಡಿಸುವ ದೊಡ್ಡ ಕೆಲಸ ಫ್ಲ್ಯಾಟಿನಲ್ಲೇ ಮುಗಿದಿರುತ್ತದೆ. ಎರಡನೆಯ ರೂಪಕ್ಕೆ ಪೂರ್ತಿ ಐಕಾನಿನ ದರ ಹೇಳಿದರೆ ಅಲ್ಲೇ ಮಾತಾಡಿಕೊಳ್ಳಬಹುದು.

## ಬಣ್ಣದ ವಿಷಯ

ಹಸಿರಿನಿಂದ ಕಿತ್ತಳೆಗೆ ಗ್ರೇಡಿಯೆಂಟ್ ಕೇಳಿದೆವು, ನಡುವೆ ಕೆಸರಿನ ಬಣ್ಣ ಬಂತು. ಡಿಸೈನರ್ ತಪ್ಪಾ?

ಡಿಸೈನರ್ ತಪ್ಪಲ್ಲ, ಬಣ್ಣಗಳ ಲೆಕ್ಕ ಬರುವುದೇ ಹಾಗೆ. ಹಸಿ ಅಡಿಕೆ ಹಣ್ಣಾಗುವುದನ್ನು ತೋರಿಸಬೇಕೆಂದು #1B5E20 ಹಸಿರಿನಿಂದ #F57C00 ಕಿತ್ತಳೆಗೆ ಹೋಗುವಾ ಎಂದು ಸಾಮಾನ್ಯವಾಗಿ ಅನಿಸುತ್ತದೆ. ಸಾಫ್ಟ್‌ವೇರ್ ಕೆಂಪು, ಹಸಿರು, ನೀಲಿ ಅಂಕೆಗಳ ಸರಾಸರಿ ತೆಗೆಯುತ್ತದೆ. ಕೆಂಪು 27 ಮತ್ತು 245ರ ನಡುವೆ 136, ಹಸಿರು 94 ಮತ್ತು 124ರ ನಡುವೆ 109, ನೀಲಿ 32 ಮತ್ತು 0ರ ನಡುವೆ 16. ಅಂದರೆ #886D10. ಅದು ಮಾಸಿದ ಕಂದು, ಅದೂ ಐಕಾನಿನ ಸರೀ ನಡುವಿಗೆ, ಗುರುತಿನ ಹಿಂದೆಯೇ ಬರುತ್ತದೆ.

ಈ ಎರಡು ಬಣ್ಣ ಇರಲೇಬೇಕೆಂದರೆ ನಡುವೆ ಇನ್ನೊಂದು ಬಣ್ಣ ಕೊಡಲು ಹೇಳಿ, #C0CA33 ತರಹದ ಹಳದಿ ಹಸಿರು. ಆಗ ಕಂದು ಹೋಗುತ್ತದೆ. ಆದರೆ ಅಷ್ಟು ತಿಳಿ ಬಣ್ಣದ ಮೇಲೆ ಬಿಳಿ ಗುರುತು ನಿಲ್ಲುವುದಿಲ್ಲ, ಗುರುತನ್ನು ಗಾಢ ಬಣ್ಣಕ್ಕೆ ತಿರುಗಿಸಬೇಕಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಸಣ್ಣ ಐಕಾನಿಗೆ ಒಂದೇ ಬಣ್ಣದ ತಿಳಿ ಮತ್ತು ಗಾಢ ಛಾಯೆ ಸಾಕು.

ಬಿಳಿ ಗುರುತು ಒಂದು ಕಡೆ ಮಾಯ ಆಗ್ತದೆ. ಎಷ್ಟು ತಿಳಿ ಬಣ್ಣದವರೆಗೆ ಹೋಗ್ಬಹುದು?

ಗುರುತಿಗೂ ಹಿನ್ನೆಲೆಗೂ ಇರುವ ಹೊಳಪಿನ ಅಂತರವನ್ನು ಅಳೆಯುವ ಪದ್ಧತಿ ಇದೆ. ಕಣ್ಣು ಮಂದ ಇರುವವರಿಗೂ ಪರದೆ ಕಾಣುವಂತಿರಬೇಕೆಂದು ಮಾಡಿದ ಡಬ್ಲ್ಯೂಸಿಎಜಿ ನಿಯಮದ ಪ್ರಕಾರ ಅಕ್ಷರವಲ್ಲದ ಗುರುತಿಗೆ ಈ ಅನುಪಾತ ಕನಿಷ್ಠ 3:1 ಇರಬೇಕು. ಫ್ಲ್ಯಾಟಿನಲ್ಲಿ ಅಳೆಯುವುದು ಸುಲಭ, ಹಿನ್ನೆಲೆ ಒಂದೇ. ಬಿಳಿ ಗುರುತಿಗೆ #2E7D32 ಹಿನ್ನೆಲೆ ಕೊಟ್ಟರೆ 5.1 ಬರುತ್ತದೆ, ಧಾರಾಳವಾಯಿತು.

ಗ್ರೇಡಿಯೆಂಟಿನಲ್ಲಿ ಎಡವುವುದು ಇಲ್ಲೇ. ಜನ ನಡುವಿನ ಬಣ್ಣ ನೋಡಿ 'ಸರಿ ಉಂಟು' ಅನ್ನುತ್ತಾರೆ. ಅಳೆಯಬೇಕಾದದ್ದು ತಿಳಿ ತುದಿಯನ್ನು. ಕೆಳಗೆ #1B5E20, ಮೇಲೆ ಎಳೆ ಎಲೆಯ #8BC34A ಇಟ್ಟರೆ ಕೆಳಗಡೆ ಅನುಪಾತ 7.9, ಮೇಲ್ಗಡೆ ಬರೀ 2.1. ಟೊಪ್ಪಿ ಇರುವುದು ಮೇಲ್ಗಡೆಯಲ್ಲೇ, ಹಾಗಾಗಿ ಬಿಸಿಲಿನಲ್ಲಿ ಟೊಪ್ಪಿ ಕರಗಿ ಕಾಯಿ ಮಾತ್ರ ಕಾಣುತ್ತದೆ. ತಿಳಿ ತುದಿಯನ್ನು #43A047ಕ್ಕೆ ಇಳಿಸಿದರೆ 3.3 ಆಗುತ್ತದೆ, ಮಿತಿಯೊಳಗೆ ಬಂತು.

ಇನ್ನೊಂದು ಸಂಗತಿ: #43A047 ಮತ್ತು #1B5E20ರ ಸರೀ ನಡುವಿನ ಬಣ್ಣ ಹೆಚ್ಚುಕಮ್ಮಿ #2F7F34. ನಮ್ಮ ಫ್ಲ್ಯಾಟ್ ಬಣ್ಣ #2E7D32 ಅದಕ್ಕೆ ಅಂಟಿಕೊಂಡೇ ಇದೆ. ಹೀಗೆ ಫ್ಲ್ಯಾಟ್ ಬಣ್ಣವನ್ನು ಗ್ರೇಡಿಯೆಂಟಿನ ನಡುವಿಗೆ ಹೊಂದಿಸಿಕೊಂಡರೆ ಎರಡೂ ರೂಪಗಳು ಒಂದೇ ಆ್ಯಪಿನವು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಫ್ಲ್ಯಾಟಿಗೆ ತುದಿಯ ಬಣ್ಣ ತೆಗೆದುಕೊಂಡರೆ ಎರಡು ಬೇರೆ ಆ್ಯಪಿನ ಹಾಗೆ ಕಾಣಿಸುತ್ತದೆ.

ಗ್ರೇಡಿಯೆಂಟ್ ನುಣ್ಣಗೆ ಬರುವ ಬದಲು ಪಟ್ಟೆ ಪಟ್ಟೆ ಕಾಣ್ತದೆ. ಯಾಕೆ?

ಎರಡು ಕಾರಣ ಇರಬಹುದು. ಮೊದಲನೆಯದು, ಎರಡು ಬಣ್ಣಗಳ ನಡುವಿನ ಅಂತರ ತೀರಾ ಕಮ್ಮಿ. #1B5E20ರಿಂದ #1F6424ಕ್ಕೆ ಹೋದರೆ ಹಸಿರಿನ ಅಂಕೆ ಬದಲಾಗುವುದು ಆರೇ ಆರು ಸಲ. ಆಂಡ್ರಾಯ್ಡಿನ ದೊಡ್ಡ ಐಕಾನ್ 432 ಪಿಕ್ಸೆಲ್ ಉದ್ದ, ಒಂದೊಂದು ಪಟ್ಟೆಗೆ ಸುಮಾರು 70 ಪಿಕ್ಸೆಲ್ ಸಿಗುತ್ತದೆ, ಕಣ್ಣಿಗೆ ಬೀಳುತ್ತದೆ. #1B5E20ರಿಂದ #43A047ಕ್ಕಾದರೆ 66 ಹೆಜ್ಜೆ, ಆರೇಳು ಪಿಕ್ಸೆಲಿಗೊಂದು, ಕಾಣುವುದಿಲ್ಲ.

ಎರಡನೆಯದು, ಗಾತ್ರ ಇಳಿಸುವ ಸಲಕರಣೆಗೆ ಪಿಎನ್‌ಜಿ ಹಾಕಿರುವುದು. ಅವುಗಳಲ್ಲಿ ಹಲವು ಇಡೀ ಚಿತ್ರವನ್ನು 256 ಬಣ್ಣಕ್ಕೆ ಕುಗ್ಗಿಸುತ್ತವೆ. ಫ್ಲ್ಯಾಟಿಗೆ ಅದರಿಂದ ಏನೂ ಆಗದು, ಗ್ರೇಡಿಯೆಂಟ್ ಹಾಳಾಗಬಹುದು. ಡಿಸೈನರ್ ಕಳಿಸಿದ ಫೈಲನ್ನೂ ನೀವು ಹಾಕಿದ ಫೈಲನ್ನೂ ಪಕ್ಕ ಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿ. ಮೊದಲನೆಯದರಲ್ಲಿ ಪಟ್ಟೆ ಇಲ್ಲದಿದ್ದರೆ ಹಾಳಾದದ್ದು ನಿಮ್ಮ ಕಡೆಯಲ್ಲಿ.

## ಫೈಲು, ಅಳತೆ

ವಾಟ್ಸ್ಆ್ಯಪಲ್ಲಿ ಬಂದ ಐಕಾನನ್ನೇ ಹಾಕಿದ್ರೆ ಸಾಕಾ?

ಫೋಟೋ ಆಗಿ ಬಂದದ್ದಾದರೆ ಬೇಡ. ವಾಟ್ಸ್ಆ್ಯಪ್ ಫೋಟೋವನ್ನು ಕುಗ್ಗಿಸಿ ಜೆಪೆಗ್ ಮಾಡುತ್ತದೆ. ಪಾರದರ್ಶಕ ಭಾಗ ಹೋಗುತ್ತದೆ, ಬಿಳಿ ಗುರುತಿನ ಅಂಚಿಗೆ ಕಸರು ಬರುತ್ತದೆ. 'ಡಾಕ್ಯುಮೆಂಟ್' ಎಂದು ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ. ಜಿಪ್ ಮಾಡಿ ಈಮೇಲಿನಲ್ಲಿ ಕಳಿಸಿ ಎಂದು ಮೊದಲೇ ಹೇಳಿದರೆ ಇನ್ನೂ ನಿಶ್ಚಿಂತೆ.

ಪ್ಲೇ ಸ್ಟೋರಿಗೂ ಐಫೋನಿಗೂ ಒಂದೇ ಫೈಲ್ ನಡೀತದಾ?

ಚಿತ್ರ ಒಂದೇ, ಫೈಲ್ ಬೇರೆ. ಪ್ಲೇ ಸ್ಟೋರಿಗೆ 512×512 ಪಿಕ್ಸೆಲಿನ 32 ಬಿಟ್ ಪಿಎನ್‌ಜಿ, 1024 ಕೆಬಿಯೊಳಗೆ. ಆಪಲ್ ಸ್ಟೋರಿಗೆ 1024×1024, ಪಾರದರ್ಶಕತೆ ಇರಲೇಬಾರದು, ಇದ್ದರೆ ಅಪ್‌ಲೋಡ್ ಹಂತದಲ್ಲೇ ತಿರಸ್ಕಾರವಾಗುತ್ತದೆ. ಎರಡಕ್ಕೂ ಪೂರ್ತಿ ಚೌಕ ಕೊಡಿ. ಮೂಲೆ ದುಂಡು ಮಾಡುವುದು ಸ್ಟೋರಿನ ಕೆಲಸ, ಡಿಸೈನರ್ ಮೊದಲೇ ದುಂಡು ಮಾಡಿ ಕೊಟ್ಟರೆ ಮೂಲೆಯಲ್ಲಿ ಎರಡೆರಡು ಅಂಚು ಕಾಣುತ್ತದೆ. ಐಒಎಸ್ 18ರಿಂದ ಡಾರ್ಕ್ ಮತ್ತು ಟಿಂಟೆಡ್ ರೂಪಗಳನ್ನೂ ಕೊಡಬಹುದು. ಗುರುತು ಬೇರೆ ಪದರದಲ್ಲಿ ಇದ್ದರೆ ಅವನ್ನು ಆಮೇಲೆ ಮಾಡಿಕೊಂಡರೂ ಆಯಿತು.

ಪ್ಲೇ ಸ್ಟೋರಲ್ಲಿ ಕಾಣುವ ಗ್ರೇಡಿಯೆಂಟ್ ಮೊಬೈಲಲ್ಲಿ ಕಾಣುದಿಲ್ಲ, ಒಂದೇ ಬಣ್ಣದ ಹಾಗೆ ಇದೆ. ಎಲ್ಲಿ ತಪ್ಪಿದ್ದು?

ಫೈಲ್ ಸರಿಯೇ ಇರುತ್ತದೆ, ಗ್ರೇಡಿಯೆಂಟಿನ ತುದಿಗಳು ಕತ್ತರಿಸಿ ಹೋಗಿರುತ್ತವೆ. ಆಂಡ್ರಾಯ್ಡ್ 8ರಿಂದ ಬಂದ ಅಡಾಪ್ಟಿವ್ ಐಕಾನಿಗೆ ಎರಡು ಪದರ: ಹಿನ್ನೆಲೆ ಮತ್ತು ಗುರುತು, ಎರಡೂ 108×108 ಡಿಪಿ. ಮೊಬೈಲಿನಲ್ಲಿ ಕಾಣುವುದು ನಡುವಿನ 72 ಡಿಪಿ ಮಾತ್ರ. ನಾಲ್ಕೂ ಬದಿಯ 18 ಡಿಪಿ ಮರೆಯಲ್ಲಿ ಇರುತ್ತದೆ. ಆ 72ನ್ನು ಕೆಲವು ಮೊಬೈಲು ವೃತ್ತವಾಗಿ, ಕೆಲವು ದುಂಡು ಚೌಕವಾಗಿ ಕತ್ತರಿಸುತ್ತವೆ.

ಮೇಲಿನಿಂದ ಕೆಳಕ್ಕೆ 0ಯಿಂದ 108ರವರೆಗೆ ಗ್ರೇಡಿಯೆಂಟ್ ಹರಡಿದರೆ ಅದರಲ್ಲಿ ಮೂರನೇ ಎರಡು ಭಾಗ ಮಾತ್ರ ಕಾಣುತ್ತದೆ. #43A047 ಎಂದು ಕೊಟ್ಟ ತುದಿ ಮೊಬೈಲಿನಲ್ಲಿ ಸುಮಾರು #3C9540ರಿಂದ ಶುರುವಾಗುತ್ತದೆ. ಓರೆಯಾಗಿ ಮೂಲೆಯಿಂದ ಮೂಲೆಗೆ ಹಾಕಿದರೆ ಇನ್ನೂ ನಷ್ಟ. 108ರ ಚೌಕದ ಕರ್ಣ ಸುಮಾರು 153, ವೃತ್ತದಲ್ಲಿ ಕಾಣುವುದು ಅದರ 72. ಅರ್ಧಕ್ಕಿಂತ ಕಮ್ಮಿ ಗ್ರೇಡಿಯೆಂಟ್ ಉಳಿದರೆ ಒಂದೇ ಬಣ್ಣದ ಹಾಗೆ ಕಾಣದೆ ಇನ್ನೇನು?

ಪರಿಹಾರ ಸುಲಭ. ಬಣ್ಣದ ತುದಿಗಳನ್ನು 18 ಮತ್ತು 90ಕ್ಕೆ ಇಡಿ. ಹೊರಗಿನ 18 ಡಿಪಿಯಲ್ಲಿ ತುದಿಯ ಬಣ್ಣವೇ ಮುಂದುವರಿಯುತ್ತದೆ.

```xml
<vector xmlns:android="http://schemas.android.com/apk/res/android"
    xmlns:aapt="http://schemas.android.com/aapt"
    android:width="108dp" android:height="108dp"
    android:viewportWidth="108" android:viewportHeight="108">
  <path android:pathData="M0,0h108v108h-108z">
    <aapt:attr name="android:fillColor">
      <gradient android:type="linear"
          android:startX="54" android:startY="18"
          android:endX="54" android:endY="90"
          android:startColor="#43A047"
          android:endColor="#1B5E20"/>
    </aapt:attr>
  </path>
</vector>
```

ಗುರುತಿನ ಗಾತ್ರದಲ್ಲೂ ಇದೇ ಲೆಕ್ಕ. ನಡುವಿನ 66 ಡಿಪಿ ವ್ಯಾಸದ ವೃತ್ತದೊಳಗೆ ಇದ್ದದ್ದನ್ನು ಯಾವ ಮೊಬೈಲೂ ಕತ್ತರಿಸುವುದಿಲ್ಲ. ಪ್ಲೇ ಸ್ಟೋರಿನ 512 ಪಿಕ್ಸೆಲು ಈ 72 ಡಿಪಿಗೆ ಸಮ ಎಂದು ಹಿಡಿಯಿರಿ. ಅಡಿಕೆ ಮೊಬೈಲಿನಲ್ಲಿ 40 ಡಿಪಿ ಎತ್ತರ ಇದ್ದರೆ ಸ್ಟೋರಿನ ಚಿತ್ರದಲ್ಲಿ 284 ಪಿಕ್ಸೆಲ್ ಇರಬೇಕು. ಡಿಸೈನರ್ 512ರ ಚಿತ್ರವನ್ನೇ ಹಿಗ್ಗಿಸಿ 108ಕ್ಕೆ ಕೂರಿಸಿದರೆ ಅಡಿಕೆ ಮೊಬೈಲಿನಲ್ಲಿ ಒಂದೂವರೆ ಪಟ್ಟು ದೊಡ್ಡದಾಗಿ, ಅಂಚಿಗೆ ತಾಗಿಕೊಂಡು ಕಾಣುತ್ತದೆ.

ನೋಟಿಫಿಕೇಶನ್ ಬಂದಾಗ ಮೇಲೆ ಬರೀ ಬಿಳಿ ಚೌಕ ಕಾಣ್ತದೆ. ಐಕಾನ್ ಎಲ್ಲಿ ಹೋಯ್ತು?

ಆಂಡ್ರಾಯ್ಡ್ ಅಲ್ಲಿ ಬಣ್ಣ ನೋಡುವುದಿಲ್ಲ, ಯಾವ ಭಾಗ ತುಂಬಿದೆ, ಯಾವುದು ಪಾರದರ್ಶಕ ಎಂದಷ್ಟೇ ನೋಡುತ್ತದೆ. ಹಿನ್ನೆಲೆ ಸಮೇತ ಐಕಾನ್ ಕೊಟ್ಟರೆ ಇಡೀ ಚೌಕ ತುಂಬಿದೆ ಎಂದು ಲೆಕ್ಕ. ಹಿನ್ನೆಲೆ ಇಲ್ಲದ ಬಿಳಿ ಗುರುತನ್ನು 24 ಡಿಪಿ ಅಳತೆಯಲ್ಲಿ ಕೊಡಿ. ವಾಲ್‌ಪೇಪರಿನ ಬಣ್ಣಕ್ಕೆ ಹೊಂದಿಕೊಳ್ಳುವ ಆಂಡ್ರಾಯ್ಡ್ 13ರ ಥೀಮ್ಡ್ ಐಕಾನಿಗೆ ಬೇಕಾದ ಒಂಟಿ ಬಣ್ಣದ ಪದರವನ್ನೂ ಅದೇ ಗುರುತಿನಿಂದ ಮಾಡಬಹುದು, ಅಳತೆ ಮಾತ್ರ 108ರದ್ದು. ಅಡಿಕೆಗೂ ಟೊಪ್ಪಿಗೂ ಮೊದಲೇ ಸಂದು ಬಿಡಿಸಿದ್ದರೆ ಇಲ್ಲಿ ಹೊಸದಾಗಿ ಏನೂ ಬಿಡಿಸಬೇಕಾಗಿಲ್ಲ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಡಿಸೈನರ್ ಕೊಟ್ಟ ಎಸ್‌ವಿಜಿ ಆಂಡ್ರಾಯ್ಡ್ ಸ್ಟುಡಿಯೋಗೆ ಹಾಕಿದ್ರೆ ನೆರಳೆಲ್ಲ ಹೋಗ್ತದೆ. ಏನು ಮಾಡುದು?

ಆಂಡ್ರಾಯ್ಡಿನ ವೆಕ್ಟರ್ ಚಿತ್ರಕ್ಕೆ ಮಸುಕು, ನೆರಳಿನಂಥ ಫಿಲ್ಟರುಗಳು ಅರ್ಥವಾಗುವುದಿಲ್ಲ. ನೇರ ಗ್ರೇಡಿಯೆಂಟ್, ವೃತ್ತಾಕಾರದ ಗ್ರೇಡಿಯೆಂಟ್ ಎರಡಕ್ಕೂ ತೊಂದರೆ ಇಲ್ಲ. ಹಲವು ಬಿಂದುಗಳಿಂದ ಬಣ್ಣ ಹರಡುವ ಮೆಶ್ ಗ್ರೇಡಿಯೆಂಟ್ ಮಾಡಿದ್ದರೆ ಹಿನ್ನೆಲೆಯನ್ನು ಪಿಎನ್‌ಜಿ ಆಗಿಯೇ ತರಿಸಬೇಕು, ದೊಡ್ಡ ಅಳತೆ 432×432. ವೆಕ್ಟರಿನ ಗ್ರೇಡಿಯೆಂಟ್ ಆಂಡ್ರಾಯ್ಡ್ 7ರಿಂದ ನಡೆಯುತ್ತದೆ, ಅಡಾಪ್ಟಿವ್ ಐಕಾನ್ ಬಂದದ್ದು 8ರಲ್ಲಿ. ಹಾಗಾಗಿ ಅಡಾಪ್ಟಿವ್ ಇರುವ ಕಡೆಯೆಲ್ಲ ಧೈರ್ಯದಿಂದ ಬಳಸಿ.

ಎರಡರಲ್ಲಿ ಯಾವುದು ಇಡ್ಬೇಕು ಅಂತ ನಮ್ಮೊಳಗೇ ಜಗಳ. ಪರೀಕ್ಷೆ ಮಾಡುವ ದಾರಿ ಇದೆಯಾ?

ಪ್ಲೇ ಕನ್ಸೋಲಿನಲ್ಲಿ ಸ್ಟೋರ್ ಲಿಸ್ಟಿಂಗ್ ಎಕ್ಸ್‌ಪೆರಿಮೆಂಟ್ ಎಂಬುದಿದೆ. ಈಗಿನ ಐಕಾನಿನ ಎದುರು ಬೇರೆ ರೂಪಗಳನ್ನು ಇಟ್ಟು, ಯಾವುದನ್ನು ನೋಡಿದವರು ಹೆಚ್ಚು ಇನ್‌ಸ್ಟಾಲ್ ಮಾಡಿದರು ಎಂದು ನೋಡಬಹುದು. ಅದರಲ್ಲಿ ಬದಲಾಗುವುದು ಸ್ಟೋರ್ ಪುಟದ ಐಕಾನ್ ಮಾತ್ರ, ಮೊಬೈಲಿಗೆ ಇಳಿಯುವುದು ಆ್ಯಪಿನೊಳಗಿನದ್ದೇ. ದಿನಕ್ಕೆ ಹತ್ತಿಪ್ಪತ್ತು ಜನ ನೋಡುವ ಪುಟದಲ್ಲಿ ಈ ಪರೀಕ್ಷೆಯಿಂದ ತೀರ್ಮಾನ ಸಿಗುವುದು ಕಷ್ಟ.

ಸಣ್ಣ ಸ್ಟಾರ್ಟಪ್ಪಿಗೆ ಹೊಂದುವುದು ಬೇರೆ ದಾರಿ. ಒಂದೇ ಆ್ಯಪನ್ನು ಎರಡು ಐಕಾನಿನೊಂದಿಗೆ ಕಟ್ಟಿ, ಎರಡನ್ನೂ ಒಂದೇ ಮೊಬೈಲಿಗೆ ಹಾಕಿ. ಅದಕ್ಕೆ ಆ್ಯಪಿನ `build.gradle` ಫೈಲಿನ `android` ಭಾಗದೊಳಗೆ ಹೀಗೆ ಬರೆಯಿರಿ:

```groovy
flavorDimensions "icon"
productFlavors {
    flat { dimension "icon"; applicationIdSuffix ".flat" }
    grad { dimension "icon"; applicationIdSuffix ".grad" }
}
```

ಐಕಾನ್ ಫೈಲುಗಳನ್ನು `src/flat/res` ಮತ್ತು `src/grad/res` ಒಳಗೆ ಇಟ್ಟರೆ ಆಯಿತು. ಎರಡೂ ಐಕಾನನ್ನು ಬೇರೆ ಬೇರೆ ಹೋಮ್ ಪುಟದಲ್ಲಿ, ಬೇರೆ ಆ್ಯಪುಗಳ ನಡುವೆ ಇಡಿ. ಪಕ್ಕ ಪಕ್ಕ ಇಟ್ಟರೆ ಯಾವುದು ಚಂದ ಎಂದು ಮಾತ್ರ ಜನ ಹೇಳುತ್ತಾರೆ, ಯಾವುದು ಬೇಗ ಸಿಗುತ್ತದೆ ಎಂದು ಗೊತ್ತಾಗುವುದಿಲ್ಲ. ಮಧ್ಯಾಹ್ನದ ಹೊತ್ತು ಅಂಗಳದಲ್ಲಿ ನಿಂತು, ಪರದೆಯ ಬೆಳಕು ಅರ್ಧಕ್ಕೆ ಇಳಿಸಿ, ಆ್ಯಪ್ ಗೊತ್ತಿಲ್ಲದವರ ಕೈಗೆ ಮೊಬೈಲ್ ಕೊಟ್ಟು 'ಅಡಿಕೆಯ ಗುರುತು ಇರುವುದನ್ನು ಒತ್ತಿ' ಎಂದು ಹೇಳಿ. ಬೆರಳು ಹುಡುಕಾಡಿದರೆ ಆ ರೂಪದಲ್ಲಿ ಗುರುತು ಸಾಕಷ್ಟು ಎದ್ದು ಕಾಣುತ್ತಿಲ್ಲ ಎಂದು ಅರ್ಥ. ಮನೆಯೊಳಗೆ ಗೆದ್ದ ಗ್ರೇಡಿಯೆಂಟ್ ಬಿಸಿಲಿನಲ್ಲಿ ಸೋತರೆ ಇಂಥ ಆ್ಯಪಿಗೆ ಫ್ಲ್ಯಾಟೇ ಸರಿ.

ಹಣ ಕೊಟ್ಟಾಯ್ತು. ಇನ್ನು ಐಕಾನ್ ನಮ್ದೇ ಅಲ್ವಾ?

ಹಣ ಕೊಟ್ಟ ಮಾತ್ರಕ್ಕೆ ಹಾಗೆಂದು ನಂಬಿಕೊಳ್ಳಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವರು. ನಿಮ್ಮಲ್ಲಿ ಸಂಬಳಕ್ಕೆ ಇರುವವರು ಕೆಲಸದ ಭಾಗವಾಗಿ ಮಾಡಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ನಿಮ್ಮದು. ಹೊರಗಿನ ಡಿಸೈನರ್ ಮಾಡಿದ ಐಕಾನಿಗೆ ಹಕ್ಕಿನ ವರ್ಗಾವಣೆ ಬರಹದಲ್ಲಿ ಆಗಬೇಕು, ಸಹಿ ಇರಬೇಕು ಎಂದು 19ನೇ ಸೆಕ್ಷನ್ ಹೇಳುತ್ತದೆ.

ಅದೇ ಸೆಕ್ಷನ್ನಿನ ಎರಡು ಮಾತು ತಪ್ಪದೆ ಗಮನಿಸಿ. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಎಂದು ಲೆಕ್ಕ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದು ಲೆಕ್ಕ. ಊರಿನ ತೋಟಕ್ಕೆ ದುಬೈಯಲ್ಲೋ ದೋಹಾದಲ್ಲೋ ಕೂತು ಜನ ಗೊತ್ತುಮಾಡುವ ಮನೆಯವರು ಕಾಸರಗೋಡಿನಲ್ಲಿ ಧಾರಾಳ ಇರುವುದರಿಂದ ಎರಡನೆಯದು ನಿಮಗೆ ನೇರವಾಗಿ ತಾಗುತ್ತದೆ. ಹಾಗಾಗಿ ಒಂದು ಪುಟದ ಕಾಗದದಲ್ಲಿ ಫ್ಲ್ಯಾಟ್, ಗ್ರೇಡಿಯೆಂಟ್, ಒಂಟಿ ಬಣ್ಣದ ಗುರುತು ಮೂರನ್ನೂ ಹೆಸರಿಸಿ, ಕೃತಿಸ್ವಾಮ್ಯ ಇರುವಷ್ಟು ಕಾಲಕ್ಕೂ, ಜಗತ್ತಿನ ಎಲ್ಲ ಕಡೆಗೂ ಎಂದು ಬರೆಸಿ, ಕೊನೆಯ ಕಂತು ಕೊಡುವ ಮೊದಲು ಸಹಿ ಹಾಕಿಸಿಕೊಳ್ಳಿ.